ಬಸ್ ಇಳಿದು ಮನೆ ಮುಟ್ಟುವ ತನಕ: ಹೆಣ್ಣುಮಕ್ಕಳ ಓಡಾಟದ ಬಗ್ಗೆ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ತರಗತಿಯ ಬಹಳಷ್ಟು ಹುಡುಗಿಯರು ತೀರ್ಥಹಳ್ಳಿ ರಸ್ತೆ, ಸಾಗರ ರಸ್ತೆ ಕಡೆಯ ಹಳ್ಳಿಗಳಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಪೋಷಕರ ಸಭೆ ಮುಗಿದ ಮೇಲೆ ಅಪ್ಪ ಅಮ್ಮಂದಿರು ಒಬ್ಬೊಬ್ಬರೇ ಬಂದು, ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಇವು. ಬಸ್ಸು, ಸ್ಟಾಪು, ಸ್ಟಾಪಿನಿಂದ ಮನೆಯ ದಾರಿ, ಇಷ್ಟರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ.

ಮಗಳು ಮನೆಗೆ ಬಂದು ಏನೂ ಹೇಳುವುದಿಲ್ಲ. ಹಾಗಾದರೆ ಅವಳಿಗೆ ತೊಂದರೆ ಇಲ್ಲ ಅಂತಲ್ವಾ?

ಹಾಗೆ ಅಂದುಕೊಳ್ಳಬೇಡಿ. ನಾನು ಹುಡುಗಿಯರನ್ನು ಕೇಳಿದ್ದೇನೆ, ಮನೆಯಲ್ಲಿ ಯಾಕಮ್ಮ ಹೇಳಲಿಲ್ಲ ಅಂತ. ಉತ್ತರ ಹೆಚ್ಚುಕಮ್ಮಿ ಒಂದೇ: "ಹೇಳಿದ್ರೆ ಕಾಲೇಜು ಬಿಡಿಸ್ತಾರೆ ಮೇಡಂ." ಇಲ್ಲವಾದರೆ ಫೋನ್ ಕಿತ್ತುಕೊಳ್ಳುತ್ತಾರೆ, ಗಂಡು ನೋಡಲು ಶುರು ಮಾಡುತ್ತಾರೆ, ಅಣ್ಣ ಹೋಗಿ ಹೊಡೆದಾಡುತ್ತಾನೆ. ಹುಡುಗಿ ಮನಸ್ಸಿನಲ್ಲೇ ತೂಗಿ ನೋಡುತ್ತಾಳೆ. ಬಸ್ಸಿನಲ್ಲಿ ಆಗುವ ಕಾಟ ಒಂದು ಕಡೆ, ಹೇಳಿದರೆ ಕಳೆದುಕೊಳ್ಳುವುದು ಇನ್ನೊಂದು ಕಡೆ. ಎರಡನೆಯದೇ ಭಾರ ಅನ್ನಿಸಿದಾಗ ಸುಮ್ಮನಾಗುತ್ತಾಳೆ.

ಇದರಲ್ಲಿ ನಿಮಗೊಂದು ದೊಡ್ಡ ನಷ್ಟ ಇದೆ. ದಾರಿಯಲ್ಲಿ ಏನು ನಡೆಯುತ್ತಿದೆ ಅನ್ನುವುದು ನಿಮಗೆ ಗೊತ್ತಾಗಲು ಇರುವುದು ಅವಳ ಬಾಯಿ ಒಂದೇ. ಅದು ಮುಚ್ಚಿಹೋದರೆ, ಸಣ್ಣ ಕಾಟ ದೊಡ್ಡದಾಗುವ ತನಕ ನಿಮಗೆ ಸುದ್ದಿಯೇ ಬರುವುದಿಲ್ಲ.

ಹುಡುಗಿಯರು ದಿನಾ ಲೆಕ್ಕ ಹಾಕುತ್ತಾರೆ ಅಂತೀರಿ. ಯಾವ ಲೆಕ್ಕ?

ಸಂಜೆ ಕಾಲೇಜು ಬಿಟ್ಟ ಹುಡುಗಿಯೊಬ್ಬಳ ಜೊತೆ ಒಂದು ದಿನ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಮೊದಲ ಲೆಕ್ಕ ಅಲ್ಲೇ ಶುರು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಜಾಸ್ತಿ. ಅದರಲ್ಲಿ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಿಗೆ ಕಾದರೆ ದುಡ್ಡು ಉಳಿಯುತ್ತದೆ, ಹೊತ್ತು ಹೋಗುತ್ತದೆ. ಹೊತ್ತು ಹೋದರೆ ಊರಿನ ಸ್ಟಾಪಿನಲ್ಲಿ ಕತ್ತಲಲ್ಲಿ ಇಳಿಯಬೇಕು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಅಡಿಕೆ ತೋಟದ ಒಳಗೆ ಅದಕ್ಕೂ ಮೊದಲೇ ಕತ್ತಲು ಕವಿಯುತ್ತದೆ. ಹಾಗಾಗಿ ಎಷ್ಟೋ ಹುಡುಗಿಯರು ಬೆಳಕಿಗಾಗಿ ದುಡ್ಡು ಕೊಡುತ್ತಾರೆ. ಮನೆಯಲ್ಲಿ ಕೇಳುತ್ತಾರೆ, ಬಸ್ ಫ್ರೀ ಇದ್ದರೂ ನಿನಗ್ಯಾಕೆ ದುಡ್ಡು ಅಂತ.

ಬಸ್ ಹತ್ತಿದ ಮೇಲೆ ಸೀಟಿನ ಲೆಕ್ಕ. ಹಿಂದಿನ ಉದ್ದ ಸೀಟು ಬೇಡ. ಕಿಟಕಿ ಪಕ್ಕ ಕೂತರೆ ಪಕ್ಕದವನು ಒತ್ತಿದಾಗ ಎದ್ದು ಬರಲು ದಾರಿ ಇರುವುದಿಲ್ಲ, ಈ ಕಡೆ ಕೂತರೆ ನಿಂತವರು ಭುಜಕ್ಕೆ ಒರಗುತ್ತಾರೆ. ವಯಸ್ಸಾದ ಅಮ್ಮ ಯಾರಾದರೂ ಇದ್ದಾರಾ ಅಂತ ನೋಡಿ ಅವರ ಪಕ್ಕ ಕೂರುತ್ತಾರೆ. ನಿಲ್ಲಬೇಕಾಗಿ ಬಂದರೆ ಬ್ಯಾಗನ್ನು ಎದೆಗೆ ಹಾಕಿಕೊಂಡು, ಬೆನ್ನನ್ನು ಕಂಬಕ್ಕೆ ಕೊಟ್ಟು ನಿಲ್ಲುತ್ತಾರೆ. ದುಪಟ್ಟಾಕ್ಕೆ ಚುಚ್ಚಿದ ಪಿನ್ನು ಎರಡು ಕೆಲಸಕ್ಕೆ ಬರುತ್ತದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ಹಿಂದಿನವರ ಮಾತಿಗೆ.

ಇಳಿಯುವಾಗ ಮತ್ತೆ ಲೆಕ್ಕ. ಜೊತೆಗೆ ಯಾರು ಇಳಿಯುತ್ತಿದ್ದಾರೆ? ಗುರುತಿಲ್ಲದ ಗಂಡಸು ಇಳಿದರೆ ಅಂಗಡಿ ಹತ್ತಿರ ನಿಂತು, ಚೀಲದಲ್ಲಿ ಏನೋ ಹುಡುಕಿದ ಹಾಗೆ ಮಾಡಿ, ಅವನು ಮುಂದೆ ಹೋದ ಮೇಲೆ ನಡೆಯುತ್ತಾರೆ. ಮಲೆನಾಡಿನ ಮನೆಗಳು ಒಂದಕ್ಕೊಂದು ದೂರ. ಮೈನ್ ರೋಡಿನಿಂದ ಒಂದೆರಡು ಕಿಲೋಮೀಟರ್ ಮಣ್ಣು ರಸ್ತೆ, ಎರಡೂ ಕಡೆ ತೋಟ ಇಲ್ಲವೇ ಕಾಡು. ಸಿಗ್ನಲ್ ಇಲ್ಲದಿದ್ದರೂ ಫೋನ್ ಕಿವಿಗೆ ಇಟ್ಟುಕೊಂಡು "ಅಪ್ಪಾ, ಇಲ್ಲೇ ಬಂದೆ, ಕಾಣ್ತಿದೀಯಾ" ಅಂತ ಜೋರಾಗಿ ಮಾತಾಡುವ ಹುಡುಗಿಯರನ್ನು ನಾನು ಬಲ್ಲೆ.

ಇದೆಲ್ಲ ಏನೂ ಆಗದ ದಿನದ ಲೆಕ್ಕ. ಮನೆಗೆ ಬಂದ ಹುಡುಗಿ ಯಾಕೆ ಅಷ್ಟು ಸುಸ್ತಾಗಿರುತ್ತಾಳೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಅವಳು ಬಾಯಿ ಬಿಟ್ಟು ಹೇಳಿದಾಗ ನಾವು ಮೊದಲು ಏನು ಹೇಳಬೇಕು?

"ಹೇಳಿದ್ದು ಒಳ್ಳೇದಾಯ್ತು. ಕಾಲೇಜಿನ ವಿಷಯದಲ್ಲಿ ಏನೂ ಬದಲಾಗಲ್ಲ. ಈಗ ಏನಾಯ್ತು ಹೇಳು." ಈ ಮೂರು ಮಾತು, ಇದೇ ಸಾಲಿನಲ್ಲಿ. ನಡುವಿನ ಮಾತು ಬಹಳ ಮುಖ್ಯ. ಅದು ಬರುವ ತನಕ ಅವಳು ಅರ್ಧ ಕತೆಯನ್ನು ಬಚ್ಚಿಟ್ಟುಕೊಂಡೇ ಇರುತ್ತಾಳೆ.

"ನೀನು ಯಾಕೆ ಆ ಬಸ್ ಹತ್ತಿದೆ", "ನೀನೇನಾದ್ರೂ ನಕ್ಕಿದ್ಯಾ" ಅನ್ನುವ ಪ್ರಶ್ನೆಗಳು ಗಾಬರಿಯಿಂದಲೇ ಬರುತ್ತವೆ, ನನಗೆ ಗೊತ್ತು. ಆದರೆ ಅವಳಿಗೆ ಅದು ತಪ್ಪೆಲ್ಲ ತನ್ನದೇ ಅನ್ನುವ ಹಾಗೆ ಕೇಳಿಸುತ್ತದೆ. ಅದರ ಬದಲು, ನಿನಗೇನು ಬೇಕು ಅಂತ ಕೇಳಿ. ಕೆಲವು ಸಲ ಅವಳಿಗೆ ಬೇಕಾಗಿರುವುದು ಯಾರಾದರೂ ಕೇಳಿಸಿಕೊಳ್ಳುವುದು ಅಷ್ಟೇ.

ಸ್ವಲ್ಪ ದಿನ ಕಾಲೇಜಿಗೆ ಕಳಿಸದಿದ್ದರೆ ತಾನಾಗೇ ತಣ್ಣಗಾಗಲ್ವಾ?

ಕಾಟ ಕೊಟ್ಟವನು ಅದೇ ಸ್ಟಾಪಿನಲ್ಲಿ ನಿಂತಿರುತ್ತಾನೆ. ನಿಮ್ಮ ಮಗಳ ಹಾಜರಾತಿ ಮಾತ್ರ ಹೋಗುತ್ತದೆ. ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು. ವಾರಕ್ಕೆ ಆರು ದಿನದಂತೆ ಮೂರು ವಾರ ಮನೆಯಲ್ಲಿ ಕೂತರೆ 18 ದಿನ ಹೋಯಿತು. ಸೆಮಿಸ್ಟರಿನಲ್ಲಿ 90 ದಿನ ಪಾಠ ನಡೆದರೆ ಅವಳಿಗೆ ತಪ್ಪಿಸಲು ಇರುವುದೇ 22 ದಿನ. ಆಮೇಲೆ ಜ್ವರ ಬಂದರೆ, ಮಳೆಗೆ ರಸ್ತೆ ಕಟ್ಟಾದರೆ ಏನು ಮಾಡುತ್ತೀರಿ?

ದಾರಿಯ ಭಯ ಓದಿನ ಮೇಲೆ ಹೇಗೆ ಬೀಳುತ್ತದೆ ಅನ್ನುವುದನ್ನು ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಅಧ್ಯಯನ ಮಾಡಿದ್ದಾರೆ. ಹೋಗಿಬರುವ ದಾರಿ ಸುರಕ್ಷಿತ ಅನ್ನಿಸಿದರೆ, ಹುಡುಗಿಯರು ತಮಗೆ ಸಿಗಬಹುದಾದ ಒಳ್ಳೆಯ ಕಾಲೇಜನ್ನು ಬಿಟ್ಟು ಕಡಿಮೆ ದರ್ಜೆಯ ಕಾಲೇಜಿಗೂ ಸೇರುತ್ತಾರೆ ಅಂತ ಅವರು ಕಂಡುಕೊಂಡರು. ನಮ್ಮಲ್ಲೂ ಪಿಯುಸಿಯಲ್ಲಿ ಒಳ್ಳೆ ಅಂಕ ಬಂದ ಹುಡುಗಿಯರು ವಿಜ್ಞಾನ ಬಿಟ್ಟು, ಊರಿನ ಹತ್ತಿರ ಇರುವ ಕಾಲೇಜಿನಲ್ಲಿ ಸಿಕ್ಕ ಕೋರ್ಸಿಗೆ ಸೇರಿದ್ದನ್ನು ನೋಡಿದ್ದೇನೆ. ಮನೆಯವರು ಅದನ್ನು "ಅವಳೇ ಆರಿಸಿಕೊಂಡಿದ್ದು" ಅನ್ನುತ್ತಾರೆ.

ಬಟ್ಟೆ ಬಗ್ಗೆ ಸ್ವಲ್ಪ ಹೇಳಬಾರದಾ?

ಯೂನಿಫಾರಂ ಹಾಕಿದ ಹುಡುಗಿಯರಿಗೂ, ಸೀರೆ ಉಟ್ಟ ನಮಗೂ ಬಸ್ಸಿನಲ್ಲಿ ಇದೇ ಆಗಿದೆ. ಬಟ್ಟೆಯ ಮಾತು ಎತ್ತಿದ ದಿನ ಅವಳು ಹೇಳುವುದನ್ನು ನಿಲ್ಲಿಸುತ್ತಾಳೆ.

ಅಣ್ಣನನ್ನು ದಿನಾ ಬೈಕಿನಲ್ಲಿ ಬಿಡಲು ಹೇಳಿದರೆ?

ಒಂದೆರಡು ವಾರಕ್ಕೆ, ಅವಳೇ ಕೇಳಿದರೆ, ಸರಿ. ಮೂರು ವರ್ಷಕ್ಕೆ ಆಗದ ಮಾತು. ಅಣ್ಣನಿಗೆ ಕೊಯ್ಲು ಇರುತ್ತದೆ, ಕೆಲಸ ಇರುತ್ತದೆ. ಅವನು ಬರಲಾಗದ ದಿನ "ಇವತ್ತು ಹೋಗಬೇಡ" ಆಗುತ್ತದೆ. ಕಾವಲು ಅಂತ ಶುರುವಾಗಿದ್ದು ನಿಧಾನಕ್ಕೆ ಅವಳ ಟೈಮ್ ಟೇಬಲ್ ಆಗಿಬಿಡುತ್ತದೆ.

ಇನ್ನೊಂದು ಅಪಾಯ ಹೊಡೆದಾಟ. ಅಣ್ಣ ಹೋಗಿ ನಾಲ್ಕು ಬಿಟ್ಟು ಬಂದರೆ ಮೊದಲ ದೂರು ಅವನ ಮೇಲೆ ದಾಖಲಾಗಬಹುದು. ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಆ ರಾಜಿಯಲ್ಲಿ ನಿಮ್ಮ ಮಗಳ ದೂರು ಕರಗಿಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಯಾರಾದರೂ ಮಾಡಿದ್ದು ಇದೆಯಾ?

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ಹುಡುಗಿಗೆ 19 ವರ್ಷ, ಪದವಿ ಎರಡನೇ ವರ್ಷ. ತೀರ್ಥಹಳ್ಳಿ ರಸ್ತೆಯ ಒಂದು ಸ್ಟಾಪಿನಲ್ಲಿ ಇಳಿದು ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು. ಬೈಕಿನವನೊಬ್ಬ ಮೂರು ವಾರದಿಂದ ಸ್ಟಾಪಿನಲ್ಲಿ ಕಾಯುತ್ತಿದ್ದ. ಹಿಂದೆ ನಿಧಾನಕ್ಕೆ ಗಾಡಿ ಓಡಿಸಿಕೊಂಡು ಬರುತ್ತಿದ್ದ. ನಂಬರ್ ಎಲ್ಲಿಂದಲೋ ಹುಡುಕಿ ಮೆಸೇಜು ಕಳಿಸಲೂ ಶುರು ಮಾಡಿದ. ಅವಳು ಹೇಳಿದ್ದು ಅಮ್ಮನಿಗಲ್ಲ, ಚಿಕ್ಕಮ್ಮನಿಗೆ. ಚಿಕ್ಕಮ್ಮ ಮನೆಗೆ ಬಂದು, ಕಾಲೇಜು ಬಿಡಿಸುವುದಿಲ್ಲ ಅಂತ ಅಪ್ಪನ ಬಾಯಿಂದ ಹೇಳಿಸಿದ ಮೇಲೇ ವಿಷಯ ತೆಗೆದರು.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡರು. ನೆನಪಿರುವಷ್ಟು ದಿನಾಂಕ, ಸಮಯ, ಜಾಗ, ಬೈಕ್ ನಂಬರ್, ಏನಂದ, ಯಾರು ನೋಡಿದರು, ಎಲ್ಲ ಬರೆದರು. ಸಿಟ್ಟಿನಲ್ಲಿ ಡಿಲೀಟ್ ಮಾಡಲು ಹೊರಟಿದ್ದ ಮೆಸೇಜುಗಳನ್ನು ಉಳಿಸಿದರು, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದರು. ಆಮೇಲೆ ಅವಳು ಒಂದೇ ಒಂದು ಉತ್ತರ ಕಳಿಸಿದಳು: "ನನಗೆ ಇಷ್ಟ ಇಲ್ಲ. ಇನ್ನು ಮೆಸೇಜ್ ಮಾಡಬೇಡಿ, ಹಿಂದೆ ಬರಬೇಡಿ." ಆಮೇಲೆ ಒಂದಕ್ಷರವೂ ಬರೆಯಲಿಲ್ಲ. ಇದು ಯಾಕೆ ಬೇಕು ಅಂದರೆ, ಹಿಂಬಾಲಿಸುವ ಅಪರಾಧದಲ್ಲಿ ಹೆಣ್ಣು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಮಾಡಿದ್ದಾನೆ ಅನ್ನುವುದೇ ಮುಖ್ಯ. ಬರವಣಿಗೆಯಲ್ಲಿ ಬೇಡ ಅಂದಿದ್ದರೆ ಆಮೇಲೆ ಯಾರೂ ಅದನ್ನು ಎಳೆದಾಡಲು ಆಗುವುದಿಲ್ಲ.

ಎರಡನೇ ಕೆಲಸ ದಾರಿಯದು. ಅಪ್ಪ ಸಂಜೆ ಬಸ್ಸಿನ ಹೊತ್ತಿಗೆ ಮಗಳ ಜೊತೆ ಆ ದಾರಿ ನಡೆದರು. ಎಲ್ಲೆಲ್ಲಿ ನಿನಗೆ ಹೆದರಿಕೆ ಅಂತ ಕೇಳಿದರು. ಅವಳು ತೋರಿಸಿದ್ದು ಎರಡು ಜಾಗ. ಒಂದು, ಲಂಟಾನದ ಪೊದೆ ರಸ್ತೆಗೆ ಬಾಗಿ ತಿರುವು ಕಾಣದ ಜಾಗ. ಇನ್ನೊಂದು, ಲೈಟ್ ಕೆಟ್ಟ ಕಂಬ. ಅಪ್ಪ ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಓಡಾಡಿದವರು, ಆ ಕಣ್ಣಿನಿಂದ ನೋಡಿರಲಿಲ್ಲ. ಪೊದೆಯನ್ನು ಭಾನುವಾರ ಕತ್ತಿ ಹಿಡಿದು ಅವರೇ ಕಡಿದರು. ಲೈಟಿಗೆ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡರು. ಎರಡು ಸಲ ಅಲೆದ ಮೇಲೆ ಲೈಟ್ ಬಂತು.

ಮೂರನೆಯದು ಜನ. ಸ್ಟಾಪಿನ ಹತ್ತಿರದ ಅಂಗಡಿಯ ಅಮ್ಮನಿಗೆ, ಆ ಬಸ್ಸಿನ ಕಂಡಕ್ಟರಿಗೆ ವಿಷಯ ಹೇಳಿದರು. ಹೇಳುವ ಮೊದಲು ಮಗಳನ್ನು ಕೇಳಿದರು, ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಅಂತ. ಅವಳು ಒಬ್ಬ ನೆಂಟರಿಗೆ ಹೇಳುವುದು ಬೇಡ ಅಂದಳು, ಅವರಿಗೆ ಹೇಳಲಿಲ್ಲ. ಅದೇ ದಾರಿಯ ಇನ್ನಿಬ್ಬರು ಹುಡುಗಿಯರ ಮನೆಗೂ ಚಿಕ್ಕಮ್ಮ ಹೋದರು. ಅವರಲ್ಲಿ ಒಬ್ಬಳಿಗೂ ಅವನು ಹಾಗೇ ಮಾಡಿದ್ದ. ಅವಳೂ ಮನೆಯಲ್ಲಿ ಹೇಳಿರಲಿಲ್ಲ.

ಇಷ್ಟಾದರೂ ಅವನು ನಿಲ್ಲಿಸಲಿಲ್ಲ. ಮೆಸೇಜ್ ಮತ್ತೆ ಬಂತು. ಆಗ ನೋಟ್‌ಬುಕ್ ಹಿಡಿದು ಠಾಣೆಗೆ ಹೋದರು. ಹುಡುಗಿ, ಅಮ್ಮ, ಚಿಕ್ಕಮ್ಮ ಮೂವರೂ.

ಠಾಣೆಯಲ್ಲಿ ಏನಾಗುತ್ತದೆ? ಮರ್ಯಾದೆ ಹೋಗಲ್ವಾ?

ಹೋಗುವ ಮೊದಲೇ ಒಂದು ಪುಟ ಬರೆದುಕೊಂಡು ಹೋಗಿ. ಯಾವಾಗ, ಎಲ್ಲಿ, ಯಾರು, ಏನು ಮಾಡಿದ, ಅಷ್ಟೇ ಸಾಕು. ಈಗಿನ ಕಾನೂನು 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆ. ಅದರಲ್ಲಿ ನಮಗೆ ಬೇಕಾದ ಕಲಂ ನಾಲ್ಕು. ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮೈಗೆ ಕೈ ಹಾಕಿದರೆ 74. ಲೈಂಗಿಕ ಕಿರುಕುಳಕ್ಕೆ, ಅಸಹ್ಯ ಮಾತಿಗೆ 75. ಹಿಂದೆ ಬೀಳುವುದಕ್ಕೆ 78. ಅವಮಾನ ಮಾಡುವ ಮಾತು, ಸನ್ನೆಗೆ 79. ಕಲಂ ಸಂಖ್ಯೆಯನ್ನು ನೀವು ಬರೆಯಬೇಕಾಗಿಲ್ಲ. ನಡೆದದ್ದನ್ನು ಸರಿಯಾಗಿ ಬರೆದರೆ ಕಲಂ ಹಾಕುವುದು ಪೊಲೀಸರ ಕೆಲಸ.

ಇಂಥ ದೂರನ್ನು ಹೆಣ್ಣುಮಗಳಿಂದ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಬಸ್ಸಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಹತ್ತಿದ್ದು ಒಂದು ಠಾಣೆಯ ವ್ಯಾಪ್ತಿ, ಕೈ ಹಾಕಿದ್ದು ಇನ್ನೊಂದರಲ್ಲಿ, ಇಳಿದದ್ದು ಮತ್ತೊಂದರಲ್ಲಿ ಇರಬಹುದು. "ಇದು ನಮ್ಮ ಲಿಮಿಟ್ ಅಲ್ಲ" ಅಂತ ವಾಪಸ್ ಕಳಿಸುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನುವುದು. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು.

ಎಷ್ಟೋ ಸಲ ಠಾಣೆಯಲ್ಲಿ "ಕರೆಸಿ ಬುದ್ಧಿ ಹೇಳ್ತೀವಿ, ಮುಚ್ಚಳಿಕೆ ಬರೆಸಿಕೊಳ್ತೀವಿ" ಅನ್ನುತ್ತಾರೆ. ಮುಚ್ಚಳಿಕೆ ಅಂದರೆ ಇನ್ನು ಹೀಗೆ ಮಾಡಲ್ಲ ಅಂತ ಅವನು ಬರೆದುಕೊಡುವುದು. ಕೆಲವರಿಗೆ ಅಷ್ಟರಲ್ಲೇ ನಿಲ್ಲುತ್ತದೆ. ನಾನು ಹೇಳಿದ ಹುಡುಗಿಯೂ ಅದನ್ನೇ ಆರಿಸಿಕೊಂಡಳು, ಅವನು ಆಮೇಲೆ ಸ್ಟಾಪಿನ ಕಡೆ ಬರಲಿಲ್ಲ. ಆದರೆ ಮುಚ್ಚಳಿಕೆ ಎಫ್‌ಐಆರ್ ಅಲ್ಲ, ಅದರಿಂದ ಕೇಸು ಆಗುವುದಿಲ್ಲ. ಹಾಗಾಗಿ ನಿಮ್ಮ ಅರ್ಜಿಗೆ ಸ್ವೀಕೃತಿ ಮತ್ತು ಹಿಂಬರಹ ತಪ್ಪದೆ ಕೇಳಿ ಪಡೆಯಿರಿ. ಮುಂದೆ ಮತ್ತೆ ಶುರುವಾದರೆ, ಇದು ಮೊದಲ ಸಲವಲ್ಲ ಅಂತ ತೋರಿಸಲು ಆ ಕಾಗದ ಬೇಕಾಗುತ್ತದೆ. ಮೈಗೆ ಕೈ ಹಾಕಿದ ಪ್ರಕರಣವಾದರೆ ಮುಚ್ಚಳಿಕೆಗೆ ಒಪ್ಪಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕೊನೆ ಮಾತು ಮಗಳದೇ ಇರಲಿ.

ಕೇಸ್ ಹಾಕಿದವರೂ ಒಂದು ವಿಷಯ ತಿಳಿದಿರಬೇಕು. ಮೊದಲ ಸಲ ಹಿಂದೆ ಬಿದ್ದ ಅಪರಾಧಕ್ಕೆ ಮೂರು ವರ್ಷದ ತನಕ ಶಿಕ್ಷೆ ಇದೆ, ಆದರೆ ಜಾಮೀನು ಸಿಗುತ್ತದೆ. ಅವನು ಬೇಗ ಹೊರಗೆ ಬರುತ್ತಾನೆ. ಜೊತೆಗೆ ನಡೆಯುವವರು, ಕಂಡಕ್ಟರಿಗೆ ಹೇಳಿಡುವುದು, ಇದನ್ನೆಲ್ಲ ದೂರು ಕೊಟ್ಟ ಮರುದಿನವೇ ನಿಲ್ಲಿಸಬೇಡಿ.

ಮಗಳಿಗೆ ಇನ್ನೂ 18 ತುಂಬಿಲ್ಲ.

ಆಗ ಪೋಕ್ಸೊ ಕಾಯ್ದೆಯೂ ಬರುತ್ತದೆ. ಪಿಯುಸಿ ಹುಡುಗಿಯರಲ್ಲಿ ಹೆಚ್ಚಿನವರು ಇದರೊಳಗೇ ಬರುತ್ತಾರೆ. ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು, ಆಗ ಪೊಲೀಸರು ಯೂನಿಫಾರಂನಲ್ಲಿ ಇರಬಾರದು. ಅಪರಾಧ ನಡೆದದ್ದು ಗೊತ್ತಾದವರು ತಿಳಿಸಲೇಬೇಕು ಅನ್ನುವುದೂ ಈ ಕಾಯ್ದೆಯಲ್ಲಿದೆ. ಅಂದರೆ ನಮ್ಮಂಥ ಅಧ್ಯಾಪಕರು "ಮನೆಯವರೇ ನೋಡಿಕೊಳ್ಳಲಿ" ಅಂತ ಕೂರುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098.

ಬಸ್ಸಿನಲ್ಲಿ ಕೈ ಹಾಕಿದ ಆ ಕ್ಷಣ ಅವಳು ಏನು ಮಾಡಬೇಕು?

ಅವಳಿಗೆ ಆದದ್ದು ಮಾಡಲಿ. ಕೆಲವರು ಕೂಗುತ್ತಾರೆ, ಕೆಲವರಿಗೆ ಮೈ ಮರಗಟ್ಟಿ ದನಿಯೇ ಬರುವುದಿಲ್ಲ. "ಕೂಗಬೇಕಿತ್ತು" ಅಂತ ಆಮೇಲೆ ಮನೆಯಲ್ಲಿ ಹೇಳಬೇಡಿ.

ಕೂಗಲು ಆಗುವವರು ಅವನ ಗುರುತು ಹಿಡಿದು ಕೂಗಿದರೆ ಉಪಯೋಗ ಜಾಸ್ತಿ: "ನೀಲಿ ಶರ್ಟ್‌ನವರೇ, ಕೈ ತೆಗೀರಿ. ಕಂಡಕ್ಟ್ರೇ, ಇಲ್ಲಿ ಬನ್ನಿ." ಬರೀ "ಏಯ್" ಅಂದರೆ ಯಾರಿಗೆ ಅಂತ ಬಸ್ಸಿಗೆ ಗೊತ್ತಾಗುವುದಿಲ್ಲ. ಕಂಡಕ್ಟರ್ ಅವನನ್ನು ಇಳಿಸಬಹುದು, ಬಸ್ಸನ್ನು ಠಾಣೆಯ ಹತ್ತಿರ ನಿಲ್ಲಿಸಬಹುದು. ಕಾಡಿನ ನಡುವೆ ಅವನನ್ನು ಇಳಿಸಿದರೆ ಮಾತ್ರ ಅವನು ಯಾರು ಅಂತ ಗೊತ್ತಾಗದೆ ಹೋಗುತ್ತದೆ. ಠಾಣೆಗೆ ಒಯ್ಯಲು ಕೇಳುವುದು ಮೇಲು. 112ಕ್ಕೆ ಅವಳೇ ಮಾಡಬೇಕೆಂದಿಲ್ಲ, ಪಕ್ಕದವರೂ ಮಾಡಬಹುದು.

ಟಿಕೆಟ್ ಎಸೆಯಬೇಡಿ. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಆದರೂ ಸರಿ. ಅವಳು ಆ ದಿನ ಆ ಬಸ್ಸಿನಲ್ಲಿ ಇದ್ದಳು ಅನ್ನುವುದಕ್ಕೆ ಅದು ಸಾಕ್ಷಿ. ಆ ಕಾಗದದ ಅಕ್ಷರ ಬೇಗ ಮಾಸುತ್ತದೆ, ಅದಕ್ಕೇ ಅಂದೇ ಫೋಟೊ ತೆಗೆದಿಡಿ.

ಇನ್ನು ಬಸ್ಸಿನಲ್ಲಿ ಇರುವ ನಾವು, ಅಂದರೆ ಬೇರೆ ಹೆಂಗಸರು, ಗಂಡಸರು. ಹುಡುಗಿಯೊಬ್ಬಳು ಸೀಟಿನ ತುದಿಗೆ ಸರಿಯುತ್ತಾ ಬಂದಿದ್ದು ಕಂಡರೆ, "ಬಾ ಪುಟ್ಟಿ, ಇಲ್ಲಿ ಕೂರು" ಅಂತ ಕರೆಯಿರಿ. ಅವನ ಜೊತೆ ಜಗಳ ಆಡಲೇಬೇಕೆಂದಿಲ್ಲ.

ಫೋನಿನಲ್ಲಿ ಲೊಕೇಶನ್ ಹಾಕಿಸಿ ನೋಡುತ್ತಾ ಇದ್ದರೆ?

ಅವಳು ಬೇಕು ಅಂದಾಗ, ಅವಳೇ ಆನ್ ಮಾಡಿ ಕಳಿಸಿದರೆ ಒಳ್ಳೆಯದು. ಇಡೀ ದಿನ ನೋಡುತ್ತಾ ಕೂತರೆ ಅವಳು ಫೋನ್ ಸ್ವಿಚ್ ಆಫ್ ಮಾಡುವುದನ್ನು ಕಲಿಯುತ್ತಾಳೆ. ನಮ್ಮ ಕಾಡು ದಾರಿಯಲ್ಲಿ ಸಿಗ್ನಲ್ ಹೋದಾಗ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ಮನೆಯವರ ಜೀವ ಬಾಯಿಗೆ ಬರುತ್ತದೆ. ಬಸ್ ಹತ್ತಿದಾಗ ಬಸ್ಸಿನ ಹೆಸರು ಹಾಕಿ ಒಂದು ಮೆಸೇಜ್, ಸ್ಟಾಪಿನಲ್ಲಿ ಇಳಿದಾಗ ಒಂದು. ಇಂತಿಷ್ಟು ಹೊತ್ತಿನ ಒಳಗೆ ಎರಡನೇ ಮೆಸೇಜ್ ಬರದಿದ್ದರೆ ಯಾರು ಸ್ಟಾಪಿಗೆ ಹೋಗುವುದು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರಿ.

ಮಳೆಗಾಲದಲ್ಲಿ ಸಂಜೆ ಬಸ್ ತಪ್ಪಿದರೆ?

ಜೂನಿನಿಂದ ಸೆಪ್ಟೆಂಬರ್ ತನಕ ಇದು ಆಗಿಯೇ ಆಗುತ್ತದೆ. ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಹೋಗುತ್ತದೆ, ಬಸ್ ಬರುವುದಿಲ್ಲ. ಬೈಗುಳಕ್ಕೆ ಹೆದರಿ ಗುರುತಿಲ್ಲದವರ ಗಾಡಿ ಹತ್ತಿ ಬಂದ ಹುಡುಗಿಯರಿದ್ದಾರೆ. ಕಾಲೇಜು ಶುರುವಾಗುವ ಮೊದಲೇ ಶಿವಮೊಗ್ಗದಲ್ಲಿ ಒಂದು ಮನೆ ಗೊತ್ತು ಮಾಡಿಡಿ. ಅತ್ತೆಯ ಮನೆಯೋ, ಗೆಳತಿಯ ಮನೆಯೋ, ಹೊತ್ತಲ್ಲದ ಹೊತ್ತಿನಲ್ಲಿ ಹೋದರೂ ಪ್ರಶ್ನೆ ಕೇಳದೆ ಊಟ ಹಾಕುವ ಮನೆ ಆಗಿರಲಿ. ಅಲ್ಲಿ ಒಂದು ಜೊತೆ ಬಟ್ಟೆ ಇಟ್ಟು ಬನ್ನಿ. ಬಸ್ ತಪ್ಪಿದ ದಿನ ಅವಳು ಫೋನ್ ಮಾಡಿ "ನಾನು ಇವತ್ತು ಇಲ್ಲೇ ಇರ್ತೀನಿ" ಅಂದರೆ, "ಆಯ್ತು ಮಗಳೇ, ಬೆಳಿಗ್ಗೆ ಅಲ್ಲಿಂದಲೇ ಕಾಲೇಜಿಗೆ ಹೋಗು" ಅನ್ನಿ.